ಆಯಿಯ ಹಣೆಗೆ ಇಲ್ಲದ ಕುಂಕುಮ: ಎಐ ಪೇಂಟಿಂಗ್ ನಮ್ಮ ಮುಖ, ನಮ್ಮ ಸೀರೆ ಯಾಕೆ ಕೆಡಿಸುತ್ತದೆ?

ಚಿತ್ತಾಪುರ ತಾಲ್ಲೂಕಿನ ಒಂದು ಮನೆಯಲ್ಲಿ ಆಯಿಯ ವರ್ಷದ ಪುಣ್ಯತಿಥಿ. ಮೊಮ್ಮಗ ಹಳೆಯ ಫೋಟೊ ಒಂದನ್ನು ಸ್ಟುಡಿಯೊಕ್ಕೆ ಕೊಟ್ಟು, 'ಆಯಿಲ್ ಪೇಂಟಿಂಗ್ ಥರ ಮಾಡಿಕೊಡ್ರಿ' ಅಂದಿದ್ದ. ಸ್ಟುಡಿಯೊದವರು ಎಐ ಆ್ಯಪ್‌ಗೆ ಹಾಕಿ, ಎರಡೇ ನಿಮಿಷದಲ್ಲಿ ತೆಗೆದು, ದೊಡ್ಡ ಫ್ರೇಮ್ ಹಾಕಿ ಕೊಟ್ಟರು. ಮನೆಯಲ್ಲಿ ಗೋಡೆಗೆ ಏರಿಸುವ ಹೊತ್ತಿಗೆ ಆಯಿಯ ಹಿರಿಯ ಮಗಳು ನೋಡಿ ಹೇಳಿದ ಮಾತು ಇದು: "ಇಕಿ ನಮ್ಮವ್ವ ಅಲ್ಲ. ಯಾರೋ ಸಿನಿಮಾದಾಕಿ ಇದ್ದಂಗ ಕಾಣ್ತಾಳ."

ನಾವು ಎರಡೂ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆವು. ಮೂಲ ಫೋಟೊದಲ್ಲಿ ಆಯಿ ಇಳಕಲ್ ಸೀರೆಯ ಸೆರಗನ್ನು ತಲೆ ತುಂಬ ಹೊದ್ದಿದ್ದಾಳೆ. ಹಣೆಗೆ ಮೂರು ಎಳೆ ವಿಭೂತಿ, ಗದ್ದದ ಮೇಲೆ ಹಚ್ಚೆಯ ಚುಕ್ಕಿ, ಮೂಗು ಅಗಲ, ಬಣ್ಣ ಕಪ್ಪು. ಎಐ ಚಿತ್ರದಲ್ಲಿ ಸೆರಗು ಹೆಗಲಿಗೆ ಇಳಿದಿದೆ, ಬಿಳಿ ಕೂದಲು ಗಾಳಿಗೆ ಹಾರುತ್ತಿದೆ. ಮೂಗು ಸಣ್ಣದಾಗಿದೆ, ಮೈಬಣ್ಣ ಎರಡು ಪಟ್ಟು ತಿಳಿಯಾಗಿದೆ, ಹಚ್ಚೆ ಮಾಯವಾಗಿದೆ. ವಿಭೂತಿ ಇದ್ದ ಜಾಗದಲ್ಲಿ ದುಂಡಗಿನ ಕೆಂಪು ಕುಂಕುಮ ಬಂದಿದೆ.

ಆಯಿ ಗಂಡನನ್ನು ಕಳೆದುಕೊಂಡು ಇಪ್ಪತ್ತು ವರ್ಷವಾಗಿತ್ತು. ವಿಧವೆ ಕುಂಕುಮ ಇಡಬಾರದು ಎಂಬ ಪದ್ಧತಿಯನ್ನು ನಾವು ಸಮರ್ಥಿಸುತ್ತಿಲ್ಲ. ಆದರೆ ಆಕೆ ಬದುಕಿದ್ದಾಗ ತಾನಾಗಿ ಇಡದೇ ಇದ್ದುದನ್ನು, ಸತ್ತ ಮೇಲೆ ಒಂದು ಯಂತ್ರ ಯಾರನ್ನೂ ಕೇಳದೆ ಇಟ್ಟುಬಿಟ್ಟಿತು. ನಮ್ಮ ತಕರಾರು ಅದು. ಸೇಡಂ, ವಾಡಿ, ಶಹಾಬಾದ್, ಚಿಂಚೋಳಿ ಎಲ್ಲ ಕಡೆ ಈಗ ಪುಣ್ಯತಿಥಿಯ ಫ್ರೇಮ್, ಮದುವೆಯ ಫ್ಲೆಕ್ಸ್, ಜಯಂತಿಯ ಬ್ಯಾನರ್‌ಗಳಿಗೆ ಇಂಥ ಚಿತ್ರಗಳೇ ಹೋಗುತ್ತಿವೆ. ಹಾಗಾಗಿ ಇದು ಯಾಕೆ ಆಗುತ್ತದೆ, ಎಷ್ಟರ ಮಟ್ಟಿಗೆ ತಡೆಯಬಹುದು ಎಂದು ಬರೆಯುತ್ತಿದ್ದೇವೆ.

ಬಣ್ಣ ಬಳಿಯುವುದಿಲ್ಲ, ಹೊಸದಾಗಿ ಬಿಡಿಸುತ್ತದೆ

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಬೇಕು. ಎಐ ನಮ್ಮ ಫೋಟೊದ ಮೇಲೆ ಬಣ್ಣ ಬಳಿಯುವುದಿಲ್ಲ. ಅದು ಫೋಟೊದ ಮೇಲೆ ಮೊದಲು ಮರಳಿನಂಥ ಚುಕ್ಕಿಗಳನ್ನು ಚೆಲ್ಲಿ ಮಸುಕು ಮಾಡುತ್ತದೆ. ಆಮೇಲೆ ಹಂತಹಂತವಾಗಿ ಆ ಮರಳು ತೆಗೆಯುತ್ತ, 'ಇದರ ಅಡಿ ಏನಿದ್ದಿರಬಹುದು' ಎಂದು ಊಹಿಸಿ ಹೊಸ ಚಿತ್ರ ಬಿಡಿಸುತ್ತದೆ. ಮರಳು ಹೆಚ್ಚಿದಷ್ಟು ಊಹೆಯೂ ಹೆಚ್ಚು.

ಆ ಊಹೆ ಎಲ್ಲಿಂದ ಬರುತ್ತದೆ? ಅದು ಕಲಿತ ಚಿತ್ರಗಳಿಂದ. 2022ರಲ್ಲಿ ಬಂದ ಸ್ಟೇಬಲ್ ಡಿಫ್ಯೂಷನ್ ಎಂಬ ಮಾದರಿ ಕಲಿತದ್ದು ಲಾಯಾನ್-5ಬಿ ಎಂಬ ಸಂಗ್ರಹದ ಭಾಗಗಳಿಂದ. ಅದರಲ್ಲಿ ಇಂಟರ್‌ನೆಟ್‌ನಿಂದ ಹೆಕ್ಕಿದ ಸುಮಾರು 585 ಕೋಟಿ ಚಿತ್ರ ಮತ್ತು ಅವುಗಳ ವಿವರಣೆಯ ಜೋಡಿಗಳಿವೆ. ಮಾದರಿ ಮುಖ್ಯವಾಗಿ ಕಲಿತದ್ದು ಅದರಲ್ಲಿ ಇಂಗ್ಲಿಷ್ ವಿವರಣೆ ಇದ್ದ ಸುಮಾರು 230 ಕೋಟಿಯ ಪಾಲಿನಿಂದ. ನಮ್ಮೂರ ಜಾತ್ರೆಯ ಫೋಟೊಕ್ಕೆ ಕನ್ನಡದಲ್ಲಿ ಅಡಿಬರಹ ಇದ್ದರೆ ಅದು ಆ ಪಾಲಿಗೇ ಸೇರುವುದಿಲ್ಲ. ಇಂಗ್ಲಿಷ್‌ನಲ್ಲಿ 'ಸಾರಿ' ಎಂದು ಬರೆದು ಚಿತ್ರ ಏರಿಸುವವರಲ್ಲಿ ಸೀರೆ ಮಾರುವ ಅಂಗಡಿಗಳು, ಸಿನಿಮಾ ಪುಟಗಳು ಮುಂದು. ಅಲ್ಲಿ ಸೀರೆ ಎಂದರೆ ಎಡಹೆಗಲ ಮೇಲೆ ಇಳಿಬಿಟ್ಟ ಸೆರಗು, ಬಿಚ್ಚಿದ ಕೂದಲು. ಕಚ್ಚೆ ಹಾಕಿದ ಸೀರೆ, ತಲೆ ತುಂಬ ಸೆರಗು, ತುರುಬು ಕಟ್ಟಿದ ಮುದುಕಿ ಅಲ್ಲಿ ಅಪರೂಪ. 2025ರ ಸೆಪ್ಟೆಂಬರಿನಲ್ಲಿ ಹುಡುಗಿಯರೆಲ್ಲ ತಮ್ಮ ಸೆಲ್ಫಿಯನ್ನು ಹಳೆಯ ಹಿಂದಿ ಸಿನಿಮಾದ ಶಿಫಾನ್ ಸೀರೆ ಚಿತ್ರ ಮಾಡಿಕೊಂಡ ಟ್ರೆಂಡ್ ನೆನಪಿರಬೇಕು. ಅದು ಅಷ್ಟು ಚೆನ್ನಾಗಿ ಬಂದದ್ದೂ ಇದೇ ಕಾರಣಕ್ಕೆ. ಯಂತ್ರಕ್ಕೆ ಚೆನ್ನಾಗಿ ಗೊತ್ತಿರುವ ಸೀರೆ ಅದೇ.

ಇನ್ನು ಶೈಲಿಯ ಮಾತು. 2025ರ ಮಾರ್ಚ್‌ನಲ್ಲಿ ಜಿಬ್ಲಿ ಚಿತ್ರಗಳ ಹುಚ್ಚು ಬಂತಲ್ಲ, ಆಗ ಎಲ್ಲರ ಮುಖವೂ ಒಂದೇ ಥರ ಆಗಿತ್ತು. ಯಂತ್ರಕ್ಕೆ ಕುಂಚದ ಗೆರೆ ಬೇರೆ, ಆ ಗೆರೆಯಲ್ಲಿ ಬಿಡಿಸಿದ ಮುಖ ಬೇರೆ ಎಂದು ಬಿಡಿಸಿ ಕಲಿಯಲು ಆಗುವುದಿಲ್ಲ. ಶೈಲಿಯ ಜೊತೆಗೆ ಆ ಚಿತ್ರಗಳಲ್ಲಿದ್ದ ದೊಡ್ಡ ಕಣ್ಣು, ಸಣ್ಣ ಮೂಗು, ತಿಳಿ ಬಣ್ಣವೂ ಬಂದುಬಿಡುತ್ತವೆ. 'ಆಯಿಲ್ ಪೇಂಟಿಂಗ್' ಎಂದರೂ ಅಷ್ಟೇ, ಯುರೋಪಿನ ಪೇಂಟಿಂಗ್‌ಗಳ ಮುಖ ನಮ್ಮ ಆಯಿಯ ಮುಖದೊಳಗೆ ಇಳಿಯುತ್ತದೆ.

ಮೂಗುತಿ ಯಾಕೆ ಕಳೆದುಹೋಗುತ್ತದೆ?

ಮೂರನೆಯ ಕಾರಣ ಬರೀ ಅಳತೆಯದು, ಅದನ್ನು ಲೆಕ್ಕ ಹಾಕಿಯೇ ನೋಡಬಹುದು. ಸ್ಟೇಬಲ್ ಡಿಫ್ಯೂಷನ್ ಕೆಲಸ ಮಾಡುವಾಗ ಚಿತ್ರದ 8 ಪಿಕ್ಸೆಲ್ ಅಗಲ, 8 ಪಿಕ್ಸೆಲ್ ಎತ್ತರದ ಚೌಕವನ್ನು ಒಂದು ಮನೆಯಾಗಿ ಕುಗ್ಗಿಸುತ್ತದೆ. 512 ಪಿಕ್ಸೆಲ್ ಅಗಲದ ಗುಂಪು ಫೋಟೊದಲ್ಲಿ ಒಬ್ಬರ ಮುಖ 40 ಪಿಕ್ಸೆಲ್ ಇದ್ದರೆ, ಯಂತ್ರದ ಪಾಲಿಗೆ ಆ ಮುಖ ಐದು ಮನೆ ಅಗಲ ಮಾತ್ರ. ಮೂಗುತಿ ಮುಖದ ಇಪ್ಪತ್ತನೇ ಒಂದು ಪಾಲು ಎಂದುಕೊಂಡರೆ 2 ಪಿಕ್ಸೆಲ್, ಅಂದರೆ ಒಂದು ಮನೆಯ ಕಾಲು ಭಾಗ. ಅದನ್ನು ಯಂತ್ರ ಧೂಳೆಂದು ತೆಗೆದುಹಾಕುತ್ತದೆ. ಹಚ್ಚೆ, ವಿಭೂತಿಯ ಎಳೆಗಳಿಗೂ ಅದೇ ಗತಿ.

ಅದೇ ಮುಖವನ್ನು ಒಳ್ಳೆಯ ಮೂಲ ಫೋಟೊದಿಂದ ಕತ್ತರಿಸಿ 300 ಪಿಕ್ಸೆಲ್ ಬರುವಂತೆ ಮಾಡಿದರೆ ಮೂಗುತಿ 15 ಪಿಕ್ಸೆಲ್, ಹೆಚ್ಚುಕಡಿಮೆ ಎರಡು ಮನೆ. ಆಗ ಅದು ಉಳಿಯುವ ಸಾಧ್ಯತೆ ಇದೆ. ಸಣ್ಣ ಫೋಟೊವನ್ನು ಬರೀ ಎಳೆದು ದೊಡ್ಡದು ಮಾಡಿದರೆ ಉಪಯೋಗವಿಲ್ಲ. ಅದಕ್ಕೇ ವಾಟ್ಸ್ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಬೇಡಿ, ಡಾಕ್ಯುಮೆಂಟ್ ಆಗಿ ಕಳಿಸಿ. ಹಳೆಯ ಪ್ರಿಂಟ್ ಇದ್ದರೆ ಸ್ಕ್ಯಾನ್ ಮಾಡಿಸಿ.

ನಾವು ಮತ್ತೆ ಮಾಡಿಸಿದ್ದು ಹೀಗೆ

ಆಯಿಯ ಫೋಟೊವನ್ನು ಕಂಪ್ಯೂಟರ್ ಬಲ್ಲ ಗೆಳೆಯರೊಬ್ಬರ ಕೈಲಿ ಮತ್ತೆ ಮಾಡಿಸಿದೆವು. ಮೂಲ ಪ್ರಿಂಟ್ ಸ್ಕ್ಯಾನ್ ಮಾಡಿ, ಎದೆಮಟ್ಟಕ್ಕೆ ಕತ್ತರಿಸಿದೆವು. ಆಮೇಲೆ ಮುಟ್ಟಿದ್ದು `Denoising strength` ಎಂಬ ಅಳತೆಯನ್ನು. ಎಷ್ಟು ಮರಳು ಚೆಲ್ಲಬೇಕು ಎಂದು ಹೇಳುವುದು ಇದೇ. 0 ಎಂದರೆ ಏನೂ ಬದಲಾಗದು, 1 ಎಂದರೆ ಮೂಲ ಫೋಟೊ ಉಳಿಯದು. 30 ಹಂತದ ಕೆಲಸದಲ್ಲಿ ಇದನ್ನು 0.7 ಇಟ್ಟರೆ ಯಂತ್ರ 21 ಹಂತ ಊಹೆ ಮಾಡುತ್ತದೆ, 0.4 ಇಟ್ಟರೆ 12 ಮಾತ್ರ. 0.7ಕ್ಕೆ ಆಯಿ ಬೇರೆಯವಳಾದಳು. 0.4ಕ್ಕೆ ಮೂಗು, ಗದ್ದ ಆಯಿಯದೇ ಉಳಿದವು, ಪೇಂಟಿಂಗ್‌ನ ಅಂದ ಮಾತ್ರ ಕಡಿಮೆಯಾಯಿತು. ಎರಡೂ ಪೂರ್ತಿ ಸಿಗುವುದಿಲ್ಲ.

ಜೊತೆಗೆ ಕಂಟ್ರೋಲ್‌ನೆಟ್ ಎಂಬುದನ್ನು ಬಳಸಿದೆವು. ಅದು ಮೂಲ ಫೋಟೊದ ಅಂಚುಗಳನ್ನು ಗೆರೆಗಳಾಗಿ ತೆಗೆದು, 'ಈ ಗೆರೆ ಬಿಟ್ಟು ಹೋಗಬೇಡ' ಎಂದು ಯಂತ್ರವನ್ನು ಹಿಡಿದಿಡುತ್ತದೆ. ತಲೆಯ ಮೇಲಿನ ಸೆರಗು ನಿಂತದ್ದು ಇದರಿಂದ. ಬರೆದು ಕೊಡುವ ಸೂಚನೆಯಲ್ಲೂ ಹೆಸರು ಬಿಟ್ಟು ಆಕಾರ ಹೇಳಿದೆವು. 'ಇಳಕಲ್' ಎಂದರೆ ಯಂತ್ರಕ್ಕೆ ತಿಳಿಯುವ ಭರವಸೆ ಇಲ್ಲ, 'ತಲೆ ಮುಚ್ಚಿದ ಕೆಂಪು ಸೆರಗು' ಎಂದರೆ ತಿಳಿಯುತ್ತದೆ:

```
oil painting, old woman, dark brown skin, broad nose,
red saree end covering her head, white pattern on it,
three white ash lines on forehead, no red dot
```

ಕೊನೆಯ ಮಾತು, ಅಂದರೆ 'ಕೆಂಪು ಬೊಟ್ಟು ಬೇಡ' ಎಂದದ್ದು, ಕೆಲಸ ಮಾಡಲಿಲ್ಲ. ಇಂಥ ಮಾದರಿಗಳಿಗೆ 'ಬೇಡ' ಎಂಬುದು ಸರಿಯಾಗಿ ತಿಳಿಯುವುದಿಲ್ಲ, 'ಬೊಟ್ಟು' ಎಂಬುದಷ್ಟೇ ಕೇಳಿಸುತ್ತದೆ. ಅದನ್ನು ಅಲ್ಲಿಂದ ತೆಗೆದು, ಬೇಡವಾದದ್ದನ್ನು ಬರೆಯಲೆಂದೇ ಇರುವ `Negative prompt` ಪೆಟ್ಟಿಗೆಯಲ್ಲಿ `red dot` ಎಂದು ಹಾಕಿದ ಮೇಲೆ ಕುಂಕುಮ ಹೋಯಿತು.

ಕೊನೆವರೆಗೂ ಬಾರದೇ ಹೋದದ್ದು ಸೆರಗಿನ ಟೋಪಿ ತೆನೆ. ಕೆಂಪು ಸೆರಗಿನ ಮೇಲೆ ಬಿಳಿ ಜೋಳದ ತೆನೆಯಂತೆ ನೆಯ್ದ ಆ ಸಾಲು ನಮ್ಮ ಕಡೆ ಯಾವ ಮನೆಯ ಹೆಣ್ಣುಮಗಳಿಗಾದರೂ ಗುರುತು ಸಿಗುತ್ತದೆ. ಯಂತ್ರ ಒಮ್ಮೆ ತ್ರಿಕೋನ ಮಾಡಿತು, ಒಮ್ಮೆ ಬಂಗಾರದ ಜರಿ ಮಾಡಿತು. ಅದು ನೋಡದೇ ಇರುವುದನ್ನು ಮಾತಿನಿಂದ ಬಿಡಿಸಲು ಆಗುವುದಿಲ್ಲ. ಕಡೆಗೆ ಫೋಟೊಶಾಪ್‌ನಲ್ಲಿ ಮೂಲ ಫೋಟೊದ ಸೆರಗಿನ ಅಂಚು, ಗದ್ದದ ಹಚ್ಚೆ, ಹಣೆಯ ವಿಭೂತಿ ಮೂರನ್ನೂ ಕತ್ತರಿಸಿ ಮೇಲೆ ಕೂರಿಸಿ, ಅಷ್ಟಕ್ಕೆ ಹಳೆಯ ಕಾಲದ ಆಯಿಲ್ ಪೇಂಟ್ ಫಿಲ್ಟರ್ ಹಾಕಿದೆವು. ಆ ಹಳೆಯ ಫಿಲ್ಟರ್ ಏನನ್ನೂ ಊಹಿಸುವುದಿಲ್ಲ, ಇರುವ ಬಣ್ಣವನ್ನಷ್ಟೇ ತೀಡುತ್ತದೆ. ಸತ್ತವರ ಫೋಟೊಕ್ಕೆ ಬರೀ ಅದೊಂದೇ ಸಾಕು ಎಂಬುದು ಈಗ ನಮ್ಮ ಅಭಿಪ್ರಾಯ.

ಮೊಬೈಲ್ ಆ್ಯಪ್‌ಗಳಲ್ಲಿ ಈ ಅಳತೆಗಳು ಹೆಚ್ಚಾಗಿ ಇರುವುದಿಲ್ಲ. ಅಲ್ಲಿ ಎರಡು ಕೆಲಸ ಮಾಡಬಹುದು. ಮುಖ, ಸೆರಗು ಮುಟ್ಟದೆ ಹಿಂದಿನ ಗೋಡೆಯನ್ನಷ್ಟೇ ಬದಲಿಸಲು ಹೇಳಿ. ಬಂದ ಚಿತ್ರ ತಪ್ಪಿದ್ದರೆ ಅದನ್ನೇ ಮತ್ತೆ ತಿದ್ದಿಸಬೇಡಿ, ಮೂಲ ಫೋಟೊದಿಂದಲೇ ಮತ್ತೆ ಶುರು ಮಾಡಿ. ತಿದ್ದಿದ್ದನ್ನೇ ತಿದ್ದಿಸಿದರೆ ಪ್ರತಿ ಸಲವೂ ಮುಖ ಇನ್ನಷ್ಟು ದೂರ ಹೋಗುತ್ತದೆ.

ತಾಂಡಾಗಳ ಮಾತು ಬೇರೆ

ಚಿಂಚೋಳಿ, ಚಿತ್ತಾಪುರದ ತಾಂಡಾಗಳ ಹಿರಿಯ ಹೆಂಗಸರ ಫೋಟೊಗಳಿಗೆ ಈ ತೇಪೆಯೂ ಸಾಲದು. ಪೇಟಿಯಾ, ಕಾಂಚಳಿಯ ಕನ್ನಡಿ ಕಸೂತಿ, ಕೆನ್ನೆಯ ಪಕ್ಕ ಇಳಿಬೀಳುವ ಬೆಳ್ಳಿ, ತೋಳು ತುಂಬ ಬಿಳಿ ಬಳೆ ಇವನ್ನು ಎಐ ಅಂಗಡಿಯ ಘಾಗ್ರಾ-ಚೋಲಿ ಮಾಡಿಬಿಡುತ್ತದೆ. 2023ರ ಜನವರಿ 19ರಂದು ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ತಾಂಡಾ ನಿವಾಸಿಗಳಿಗೆ ಪ್ರಧಾನಿ ಹಕ್ಕುಪತ್ರ ಕೊಟ್ಟ ದಿನ ಆ ಉಡುಗೆಯ ಹೆಂಗಸರನ್ನು ಎಲ್ಲರೂ ನೋಡಿದ್ದಾರೆ. ನಮ್ಮಲ್ಲಿ ಫೋಟೊ ಇಲ್ಲ ಎಂದಲ್ಲ, ಯಂತ್ರಕ್ಕೆ ತಿಳಿಯುವ ವಿವರಣೆಯ ಜೊತೆ ಇಲ್ಲ.

ಇದಕ್ಕೆ ದಾರಿ ಲೋರಾ ಎಂಬ ಸಣ್ಣ ತರಬೇತಿ. ಇಪ್ಪತ್ತು, ಮೂವತ್ತು ಒಳ್ಳೆಯ ಫೋಟೊ, ಪ್ರತಿಯೊಂದಕ್ಕೂ ಸರಿಯಾದ ವಿವರಣೆ ಇದ್ದರೆ ಮಾದರಿಗೆ ಹೊಸ ಉಡುಗೆ ಕಲಿಸಬಹುದು. ಆದರೆ ಹಬ್ಬದ ಫೋಟೊ ಮಾತ್ರ ಕೊಟ್ಟರೆ ಹೊಲದಲ್ಲಿ ತೊಗರಿ ಕೊಯ್ಯುವವಳಿಗೂ ಅದು ಹಬ್ಬದ ಉಡುಗೆಯನ್ನೇ ತೊಡಿಸುತ್ತದೆ. ಫೋಟೊದಲ್ಲಿರುವವರ ಒಪ್ಪಿಗೆ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬಾರದು. ತಾಂಡಾದ ಓದಿದ ಮಕ್ಕಳೇ ಇದನ್ನು ಮಾಡಬೇಕು, ಯಾವ ಬಟ್ಟೆಗೆ ಏನು ಹೆಸರು ಎಂದು ಅವರ ಮನೆಯ ಅಜ್ಜಿಯರೇ ಹೇಳಬೇಕು.

ಸ್ಟುಡಿಯೊದವರಿಗೆ ನಮ್ಮ ವಿನಂತಿ ಒಂದೇ. ಫ್ರೇಮ್ ಹಾಕುವ ಮೊದಲು ಎರಡೂ ಚಿತ್ರ ಒಂದೇ ಅಳತೆಯಲ್ಲಿ ಪಕ್ಕಪಕ್ಕ ಇಟ್ಟು ಹಣೆ, ಮೂಗು, ಹಚ್ಚೆ, ಕೂದಲು, ಸೆರಗು, ಅಂಚು, ಬಣ್ಣ ಒಂದೊಂದಾಗಿ ನೋಡಿ. ಆಮೇಲೆ ಮನೆಯ ಹಿರಿಯರೊಬ್ಬರಿಗೆ ಮೂಲ ಫೋಟೊ ತೋರಿಸದೆ ಹೊಸದನ್ನಷ್ಟೇ ತೋರಿಸಿ, 'ಇವರು ಯಾರು?' ಎಂದು ಕೇಳಿ. ತಡಮಾಡದೆ ಹೆಸರು ಹೇಳಿದರೆ ಪ್ರಿಂಟ್‌ಗೆ ಕಳಿಸಿ. ನಮ್ಮಂಥ ವರದಿಗಾರರಿಗೂ ಒಂದು ಮಾತು: ಸುದ್ದಿಗೆ ಇಂಥ ಚಿತ್ರ ಬೇಡವೇ ಬೇಡ.

ಚಿತ್ತಾಪುರದ ಮನೆಯಲ್ಲಿ ಈಗ ಎರಡನೇ ಫ್ರೇಮ್ ಗೋಡೆಯ ಮೇಲಿದೆ. ಮೊದಲನೆಯದರ ಚಿತ್ರ ತೆಗೆದು ಕಟ್ಟು ಮಾತ್ರ ಉಳಿಸಿಕೊಂಡಿದ್ದಾರೆ. ಹಿರಿಯ ಮಗಳು ಹೊಸದನ್ನು ನೋಡಿ ಮೊದಲು ಬೆರಳಿಟ್ಟದ್ದು ಗದ್ದದ ಹಚ್ಚೆಯ ಮೇಲೆ.