ತೊಳೆಯುವ ಮುಂಚೆ ಅಳೆಯಿರಿ, ಕೊಳ್ಳುವ ಮುಂಚೆ ತೊಳೆಯಿರಿ

ಗಾಡಿ ಪಿಕಪ್ ಕೊಡುತ್ತಿಲ್ಲ, ಮೈಲೇಜ್ ಇಳಿದಿದೆ ಎಂದು ಬಂದವರಿಗೆ ನಾನು ಹೇಳುವುದು ಒಂದೇ. ಏರ್‌ಫ್ಲೋ ಸೆನ್ಸರ್ ಮೇಲೆ ಅನುಮಾನವಿದ್ದರೆ ಮೊದಲು ಅದರ ರೀಡಿಂಗ್ ನೋಡಿ, ಒಮ್ಮೆ ಸರಿಯಾಗಿ ತೊಳೆಯಿರಿ, ಮತ್ತೆ ರೀಡಿಂಗ್ ನೋಡಿ. ಹೊಸದರ ಮಾತು ಆಮೇಲೆ. ಈ ಮಾತಿಗೆ ದುರ್ಗ, ಹಿರಿಯೂರಿನ ಗ್ಯಾರೇಜುಗಳಲ್ಲೂ ಹೊಸದುರ್ಗ, ಹೊಳಲ್ಕೆರೆಯ ಗಾಡಿ ಮಾಲೀಕರಲ್ಲೂ ವಿರೋಧ ಇದೆ. ಕೆಲವರಿಗೆ ತೊಳೆಯುವುದೇ ದಂಡ, ಕೆಲವರಿಗೆ ಅಳೆಯುವುದೇ ದಂಡ. ಅವರ ವಾದಗಳನ್ನು ಒಂದೊಂದಾಗಿ ತೆಗೆದುಕೊಳ್ಳುತ್ತೇನೆ.

ಮೊದಲನೆಯದು ಎಲ್ಲಕ್ಕಿಂತ ಬುದ್ಧಿವಂತ ಆಕ್ಷೇಪ. "ಸೆನ್ಸರ್ ಕೊಳೆಯಾದರೆ ಗಾಳಿ ಕಡಿಮೆ ಇದೆ ಅಂತ ತೋರಿಸುತ್ತೆ ಅಂತೀರಿ. ಗಾಳಿ ಕಡಿಮೆ ಅಂದ್ರೆ ಕಂಪ್ಯೂಟರ್ ಪೆಟ್ರೋಲೂ ಕಡಿಮೆ ಬಿಡುತ್ತೆ. ಹಂಗಾದ್ರೆ ಮೈಲೇಜ್ ಜಾಸ್ತಿ ಆಗಬೇಕಿತ್ತಲ್ಲ?"

ಇದಕ್ಕೆ ಉತ್ತರಿಸಲು ಆ ಸೆನ್ಸರ್ ಏನು ಮಾಡುತ್ತದೆ ಎಂಬಲ್ಲಿಂದಲೇ ಶುರುಮಾಡಬೇಕು. ಏರ್ ಫಿಲ್ಟರ್ ಡಬ್ಬಿಗೂ ಥ್ರಾಟಲ್‌ಗೆ ಹೋಗುವ ರಬ್ಬರ್ ಪೈಪಿಗೂ ನಡುವೆ ಅದು ಕೂತಿರುತ್ತದೆ. ಒಳಗೆ ಕೂದಲಿನಷ್ಟು ಸಣ್ಣ ತಂತಿಯೋ ತೆಳು ಫಿಲ್ಮೋ ಇರುತ್ತದೆ. ಅದನ್ನು ಕರೆಂಟಿನಿಂದ ಬಿಸಿಮಾಡಿ, ಒಳಬರುವ ಗಾಳಿಗಿಂತ ಇಷ್ಟು ಡಿಗ್ರಿ ಹೆಚ್ಚು ಬಿಸಿಯಲ್ಲೇ ಇಟ್ಟಿರುತ್ತಾರೆ. ಗಾಳಿ ಜೋರಾಗಿ ಹಾದರೆ ಬೇಗ ತಣ್ಣಗಾಗುತ್ತದೆ, ಬಿಸಿ ಉಳಿಸಲು ಹೆಚ್ಚು ಕರೆಂಟ್ ಬೇಕು. ಆ ಕರೆಂಟೇ ಗಾಳಿಯ ಅಳತೆ. ಅದರ ಮೇಲೆ ಧೂಳು ಕೂತರೆ ಕಂಬಳಿ ಹೊದಿಸಿದಂತಾಗುತ್ತದೆ. ಗಾಳಿ ಎಷ್ಟೇ ಬಂದರೂ ತಂತಿ ಅಷ್ಟು ತಣ್ಣಗಾಗುವುದಿಲ್ಲ, ಆದ್ದರಿಂದ ಲೆಕ್ಕ ಕಡಿಮೆ ಬರುತ್ತದೆ.

ಈಗ ಪೆಟ್ರೋಲಿನ ಮಾತು. ಕಂಪ್ಯೂಟರ್ ಒಂದು ಗ್ರಾಂ ಪೆಟ್ರೋಲಿಗೆ ಸುಮಾರು 14.7 ಗ್ರಾಂ ಗಾಳಿಯ ಲೆಕ್ಕದಲ್ಲಿ ಇಂಧನ ಬಿಡುತ್ತದೆ. ಗಾಳಿ ಕಡಿಮೆ ಎಂದು ತಿಳಿದು ಕಡಿಮೆ ಬಿಟ್ಟರೆ, ಸೈಲೆನ್ಸರ್ ಪೈಪಿನಲ್ಲಿರುವ ಆಕ್ಸಿಜನ್ ಸೆನ್ಸರ್ ಮಿಶ್ರಣ ಪೇಲವವಾಗಿದೆ ಎಂದು ದೂರು ಕೊಡುತ್ತದೆ. ಕಂಪ್ಯೂಟರ್ ಕೊರತೆ ತುಂಬಿಕೊಡುತ್ತದೆ. ಈ ತುಂಬಿಕೊಟ್ಟ ಪಾಲನ್ನೇ ಸ್ಕ್ಯಾನರಿನಲ್ಲಿ ಫ್ಯೂಯಲ್ ಟ್ರಿಮ್ ಎಂದು ಶೇಕಡಾವಾರು ನೋಡುವುದು. ಅಂದರೆ ಒಂದೇ ವೇಗದಲ್ಲಿ ಹೋಗುವಾಗ ಉಳಿತಾಯ ಏನೂ ಆಗುವುದಿಲ್ಲ, ಕಡಿಮೆ ಬಿಟ್ಟದ್ದು ಹಿಂದೆಯೇ ಸೇರಿಬಿಟ್ಟಿರುತ್ತದೆ.

ನಷ್ಟ ಬೇರೆ ಕಡೆ ಆಗುತ್ತದೆ. ಆಕ್ಸಿಲರೇಟರ್ ಒಮ್ಮೆಲೇ ಒತ್ತಿದಾಗ ಆ ತಿದ್ದುಪಡಿ ಹಿಂದೆ ಬೀಳುತ್ತದೆ, ಗಾಡಿ ಒಂದು ಕ್ಷಣ ಮುಗ್ಗರಿಸಿ ಆಮೇಲೆ ಎಳೆಯುತ್ತದೆ. ಪೂರ್ತಿ ಒತ್ತಿದಾಗ ಕಂಪ್ಯೂಟರ್ ಆಕ್ಸಿಜನ್ ಸೆನ್ಸರಿನ ಮಾತನ್ನು ಬದಿಗಿಟ್ಟು ಗಾಳಿಯ ಲೆಕ್ಕವನ್ನೇ ನಂಬುತ್ತದೆ. ಎಂಜಿನ್ ಮೇಲಿನ ಭಾರ ಕಡಿಮೆ ಎಂದು ತಪ್ಪು ತಿಳಿದು ಇಗ್ನಿಷನ್ ಟೈಮಿಂಗ್ ಮುಂದಿಡುತ್ತದೆ, ನಾಕಿಂಗ್ ಶುರುವಾಗುತ್ತದೆ, ನಾಕ್ ಸೆನ್ಸರ್ ಅದನ್ನು ಹಿಂದಕ್ಕೆ ಎಳೆಯುತ್ತದೆ, ಶಕ್ತಿ ಹೋಗುತ್ತದೆ. ಡ್ರೈವರ್ ಏನು ಮಾಡುತ್ತಾನೆ? ನಾಲ್ಕನೇ ಗೇರಿನಲ್ಲಿ ಹತ್ತುತ್ತಿದ್ದ ದಿಬ್ಬವನ್ನು ಮೂರರಲ್ಲಿ ಹತ್ತುತ್ತಾನೆ, ಇನ್ನೂ ಒತ್ತುತ್ತಾನೆ. ಮೈಲೇಜ್ ಅಲ್ಲಿ ಹೋಗುತ್ತದೆ. ಡೀಸೆಲ್ ಗಾಡಿಯಲ್ಲಿ ಇನ್ನೂ ನೇರ. ಹೊಗೆ ಬರಬಾರದೆಂದು ಗಾಳಿಯ ಲೆಕ್ಕಕ್ಕೆ ತಕ್ಕಂತೆ ಡೀಸೆಲ್ಲಿಗೆ ಮಿತಿ ಹಾಕಿರುತ್ತಾರೆ. ಗಾಳಿ ಕಡಿಮೆ ಎಂದು ಬಂದರೆ ಗಾಡಿ ಎಳೆಯುವುದೇ ಇಲ್ಲ.

ಮೈಲೇಜ್ ಅರ್ಧಕ್ಕೆ ಅರ್ಧ ಬಿದ್ದಿದ್ದರೆ ಮಾತ್ರ ಬ್ರೇಕ್ ಹಿಡಿದುಕೊಂಡಿದೆಯೇ, ಟೈರ್ ಗಾಳಿ ಸರಿಯಿದೆಯೇ, ಥರ್ಮೋಸ್ಟಾಟ್ ತೆರೆದೇ ನಿಂತಿದೆಯೇ ಎಂದು ಮೊದಲು ನೋಡಿ. ಅಷ್ಟು ದೊಡ್ಡ ನಷ್ಟವನ್ನು ಕೊಳೆಯಾದ ಏರ್‌ಫ್ಲೋ ಸೆನ್ಸರ್ ಒಂದೇ ಮಾಡುವುದು ಅಪರೂಪ.

ಎರಡನೆಯ ವಾದ: "ಸ್ಕ್ಯಾನರ್ ಹಾಕಿದೆವು, ಕೋಡೇ ಬಂದಿಲ್ಲ. ಸೆನ್ಸರ್ ಸರಿ ಇದೆ." ಇದರ ಅವಳಿ ವಾದವೂ ಉಂಟು: "P0101 ಬಂದಿದೆ, ಸೆನ್ಸರ್ ಹೋಗಿದೆ, ಹೊಸದು ಹಾಕಿ." ಎರಡೂ ತಪ್ಪು. ಪೆಟ್ರೋಲ್ ಗಾಡಿಯಲ್ಲಿ P0171, ಅಂದರೆ ಮಿಶ್ರಣ ಪೇಲವ ಎಂಬ ಕೋಡ್, ಸಾಮಾನ್ಯವಾಗಿ ತಿದ್ದುಪಡಿ ಶೇ. 20-25ರ ಹತ್ತಿರ ಹೋಗುವವರೆಗೂ ಬರುವುದಿಲ್ಲ. ಶೇ. 15 ತಿದ್ದುಪಡಿಯಲ್ಲಿ ಒದ್ದಾಡುವ ಗಾಡಿ ದೀಪ ಹೊತ್ತಿಸದೆ ವರ್ಷಗಟ್ಟಲೆ ಓಡಬಲ್ಲದು. ಇನ್ನು P0101 ಹೇಳುವುದು ಗಾಳಿಯ ಲೆಕ್ಕ ತಾಳೆಯಾಗುತ್ತಿಲ್ಲ ಎಂದಷ್ಟೇ. ಸೆನ್ಸರಿನ ಮುಂದಿನ ರಬ್ಬರ್ ಪೈಪು ಹರಿದು ಲೆಕ್ಕಕ್ಕೆ ಸಿಗದ ಗಾಳಿ ಒಳಹೋದರೂ ಅದು ಬರುತ್ತದೆ.

ಹಾಗಾದರೆ ಗುರುತಿಸುವುದು ಹೇಗೆ? ಲೆಕ್ಕಕ್ಕೆ 1.8 ಲೀಟರ್ ಪೆಟ್ರೋಲ್ ಕಾರು ತೆಗೆದುಕೊಳ್ಳೋಣ, ಟರ್ಬೊ ಇಲ್ಲದ್ದು. ನಾಲ್ಕು ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೊಮ್ಮೆ ತನ್ನ ಅಳತೆಯಷ್ಟು ಗಾಳಿ ಎಳೆಯುತ್ತದೆ. 4000 ಆರ್‌ಪಿಎಂನಲ್ಲಿ ಅದು ನಿಮಿಷಕ್ಕೆ 3600 ಲೀಟರ್, ಸೆಕೆಂಡಿಗೆ 60 ಲೀಟರ್. ದುರ್ಗ ಸಮುದ್ರ ಮಟ್ಟದಿಂದ 700 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. 30 ಡಿಗ್ರಿ ಬಿಸಿಲಿನಲ್ಲಿ ಇಲ್ಲಿಯ ಒಂದು ಲೀಟರ್ ಗಾಳಿ ಸುಮಾರು 1.07 ಗ್ರಾಂ ತೂಗುತ್ತದೆ. ಎಂಜಿನ್ ಪೂರ್ತಿ ತುಂಬಿಕೊಳ್ಳುವುದಿಲ್ಲ, ಶೇ. 85 ಎಂದಿಟ್ಟುಕೊಳ್ಳಿ. ಗುಣಿಸಿದರೆ ಸೆಕೆಂಡಿಗೆ ಸುಮಾರು 55 ಗ್ರಾಂ. ಹಿರಿಯೂರು ಬಿಟ್ಟು ಐಮಂಗಲದ ಕಡೆ ಬರುವ ಹೈವೇಯಲ್ಲಿ ದಾರಿ ಖಾಲಿ ಇದ್ದಾಗ ಮೂರನೇ ಗೇರಿನಲ್ಲಿ ಪೂರ್ತಿ ಒತ್ತಿ, 4000ಕ್ಕೆ ಬಂದಾಗಿನ ಅಂಕಿಯನ್ನು ಪಕ್ಕದಲ್ಲಿ ಕೂತವರು ಸ್ಕ್ಯಾನರಿನಲ್ಲಿ ಓದಲಿ. 52, 54 ಬಂದರೆ ಸೆನ್ಸರಿನ ಲೆಕ್ಕ ಸರಿ. 41 ಬಂದರೆ ಕಾಲುಭಾಗ ಗಾಳಿ ಲೆಕ್ಕಕ್ಕೇ ಸಿಗುತ್ತಿಲ್ಲ, ಇಲ್ಲವೇ ಫಿಲ್ಟರ್ ಕಟ್ಟಿಕೊಂಡು ಗಾಳಿಯೇ ಬರುತ್ತಿಲ್ಲ. ಅದಕ್ಕೇ ಈ ಪರೀಕ್ಷೆಗೆ ಮುಂಚೆ ಫಿಲ್ಟರ್ ನೋಡಿಕೊಳ್ಳಬೇಕು.

ಜೊತೆಗೆ ಟ್ರಿಮ್ ಓದಿ. ಐಡಲಿನಲ್ಲಿ ಹೆಚ್ಚಿದ್ದು ವೇಗ ಹೆಚ್ಚಿದಂತೆ ಇಳಿದರೆ ಎಲ್ಲೋ ಪೈಪು ಸೋರುತ್ತಿದೆ. ಐಡಲಿನಲ್ಲಿ ಸೊನ್ನೆಯ ಆಚೀಚೆ ಇದ್ದು 80 ಕಿ.ಮೀ. ವೇಗದಲ್ಲಿ ಶೇ. 15ಕ್ಕೆ ಏರಿ, ಗಾಳಿಯ ಅಂಕಿಯೂ ಕಡಿಮೆ ಇದ್ದರೆ ಸೆನ್ಸರ್ ಕೊಳೆಯಾಗಿದೆ. ಟ್ರಿಮ್ ಹಾಗೇ ಏರಿದರೂ ಗಾಳಿಯ ಅಂಕಿ 54 ಇದ್ದರೆ ಪೆಟ್ರೋಲ್ ಪಂಪನ್ನೋ ಇಂಜೆಕ್ಟರನ್ನೋ ನೋಡಿ, ಸೆನ್ಸರಿನ ತಂಟೆಗೆ ಹೋಗಬೇಡಿ. ಶೆಡ್ಡಿನಲ್ಲಿ ಐಡಲ್ ಮಾತ್ರ ನೋಡಿ ಸರಿ ಇದೆ ಎನ್ನುವುದು ಸಾಲದು. ಕೊಳೆಯಾದ ಸೆನ್ಸರ್ ಐಡಲಿನಲ್ಲಿ ಎಂಜಿನ್ ಅಳತೆಯ ಪ್ರತಿ ಲೀಟರಿಗೆ ಸೆಕೆಂಡಿಗೆ ಸುಮಾರು ಒಂದು ಗ್ರಾಂ ಎಂಬ ಲೆಕ್ಕವನ್ನು ಹೆಚ್ಚುಕಡಿಮೆ ಸರಿಯಾಗಿಯೇ ಕೊಡುತ್ತದೆ. ಅದು ಸೋಲುವುದು ಗಾಳಿ ಜೋರಾದಾಗ.

"ತೊಳೆಯೋದಕ್ಕೆ ಸ್ಪೆಷಲ್ ಸ್ಪ್ರೇ ಯಾಕೆ? ಪೆಟ್ರೋಲ್ ಇದೆ, ಕಾರ್ಬೊರೇಟರ್ ಕ್ಲೀನರ್ ಇದೆ, ಏರ್ ಗನ್ ಇದೆ." ಇದು ಮೂರನೆಯ ಮಾತು, ಇದರಿಂದ ಹಾಳಾದ ಸೆನ್ಸರುಗಳು ಕಡಿಮೆಯಿಲ್ಲ. ಕಾರ್ಬೊರೇಟರ್ ಕ್ಲೀನರ್ ಅಂಟು ಕರಗಿಸಲು ಮಾಡಿದ್ದು. ಸೆನ್ಸರಿನ ಪ್ಲಾಸ್ಟಿಕ್ಕನ್ನೂ ಒಳಗಿನ ಲೇಪವನ್ನೂ ಅದು ತಿನ್ನಬಲ್ಲದು. ಪೆಟ್ರೋಲ್ ಆರಿದ ಮೇಲೆ ಪದರ ಬಿಡುತ್ತದೆ, ಬೆಂಕಿಯ ಭಯ ಬೇರೆ. ಟೈರಿಗೆ ಗಾಳಿ ಹಿಡಿಯುವ ಕಂಪ್ರೆಸರಿನ ಏರ್ ಗನ್ ಆ ತಂತಿಯನ್ನು ಮುರಿದೇ ಹಾಕೀತು. ಇಯರ್ ಬಡ್ಡಿನಿಂದ ಒರೆಸುವವರನ್ನೂ ನೋಡಿದ್ದೇನೆ. ಅದೂ ಬೇಡ.

ಸರಿಯಾದ ಕ್ರಮ ಕಷ್ಟದ್ದಲ್ಲ. ಎಂಜಿನ್ ಆಫ್ ಮಾಡಿ, ಸೆನ್ಸರ್ ತಣ್ಣಗಾಗಲು ಬಿಡಿ, ಸಾಕೆಟ್ ಬಿಚ್ಚಿ, ಎರಡು ಸ್ಕ್ರೂ ತೆಗೆದು ಹೊರಗೆಳೆಯಿರಿ. ಸ್ಕ್ರೂಗಳು ಹಲವು ಗಾಡಿಗಳಲ್ಲಿ ನಕ್ಷತ್ರದ ತಲೆಯವು, ಅದಕ್ಕೆ ತಕ್ಕ ಬಿಟ್ ಬೇಕು. ಏರ್‌ಫ್ಲೋ ಸೆನ್ಸರಿಗೆಂದೇ ಬರುವ ಸ್ಪ್ರೇಯನ್ನು ತಂತಿ, ಫಿಲ್ಮು ಮತ್ತು ಪಕ್ಕದ ಸಣ್ಣ ಮಣಿಯಂಥ ತಾಪ ಸೆನ್ಸರಿನ ಮೇಲೆ ಚಿಕ್ಕ ಚಿಕ್ಕದಾಗಿ ಹತ್ತು ಹದಿನೈದು ಸಲ ಹೊಡೆಯಿರಿ, ಮುಟ್ಟಬೇಡಿ. ಕೆಂಪು ನೀರು ಇಳಿಯುವುದು ನಿಲ್ಲುವವರೆಗೆ ಕಾಯಿರಿ. ನೆರಳಿನಲ್ಲಿ ಪೂರ್ತಿ ಆರಲಿ, ಅರ್ಧ ಗಂಟೆ ಬಿಟ್ಟರೆ ನಿಶ್ಚಿಂತೆ. ರಬ್ಬರ್ ರಿಂಗ್ ಕೂತಿದೆಯೇ, ಬಾಣದ ಗುರುತು ಎಂಜಿನ್ ಕಡೆಗಿದೆಯೇ ನೋಡಿ ಹಾಕಿ. ಹಳೆಯ ಟ್ರಿಮ್ ಕಂಪ್ಯೂಟರಿನ ನೆನಪಿನಲ್ಲಿ ಉಳಿದಿರುತ್ತದೆ. ಸ್ಕ್ಯಾನರಿನಿಂದ ಅದನ್ನು ಅಳಿಸಿ, ಅದೇ ದಾರಿಯಲ್ಲಿ ಅದೇ ಪರೀಕ್ಷೆ ಮತ್ತೆ ಮಾಡಿ.

ಸಾಕೆಟ್ ಕಿತ್ತು ಓಡಿಸಿದರೆ ಗಾಡಿ ಚೆನ್ನಾಗಿ ಎಳೆಯುತ್ತದೆ, ಹಾಗೇ ಬಿಡಿ ಎನ್ನುವವರಿಗೆ ಒಂದೇ ಮಾತು. ಕಿತ್ತಾಗ ಕಂಪ್ಯೂಟರ್ ಅಂದಾಜಿನ ಮೇಲೆ ನಡೆಯುತ್ತದೆ. ಗಾಡಿ ಸುಧಾರಿಸಿದರೆ ಸೆನ್ಸರ್ ಸುಳ್ಳು ಹೇಳುತ್ತಿತ್ತು ಎಂಬ ಸುಳಿವು ಸಿಕ್ಕಿತು, ಅಷ್ಟೇ. ದಿನಾ ಅಂದಾಜಿನಲ್ಲಿ ಓಡಿಸುವುದು ಮೈಲೇಜಿಗೂ ಹೊಗೆಗೂ ಕೆಟ್ಟದ್ದು.

ಉಳಿದದ್ದು ಎಲ್ಲಕ್ಕಿಂತ ಗಟ್ಟಿಯಾದ ವಾದ. "ನಮ್ಮ ಕಡೆ ಧೂಳು ನೋಡಿದ್ದೀರಲ್ಲ. ಭೀಮಸಮುದ್ರದ ಕಡೆ ಅದಿರು ಲಾರಿ ಹಿಂದೆ ಹೋದರೆ ಗಾಜೇ ಕೆಂಪಾಗುತ್ತೆ. ಆಷಾಢದ ಗಾಳಿ ಬೇರೆ. ಎಷ್ಟು ಸಲ ತೊಳೀತೀರಿ? ಹೊಸದು ಹಾಕಿ ಮರೆತುಬಿಡಿ." ಧೂಳಿನ ಮಾತು ನಿಜ. ಆದರೆ ಫಿಲ್ಟರ್ ನೆಟ್ಟಗಿದ್ದರೆ ಸೆನ್ಸರಿಗೆ ಅಷ್ಟು ಧೂಳು ತಲುಪಬಾರದು. ತಲುಪಿದೆ ಎಂದರೆ ಡಬ್ಬಿಯ ಕ್ಲಿಪ್ ಸಡಿಲ, ಫಿಲ್ಟರಿನ ಅಂಚಿನ ರಬ್ಬರ್ ಮುದುಡಿದೆ, ಅಥವಾ ಕಂಪ್ರೆಸರ್ ಗಾಳಿಯಿಂದ ಊದಿ ಊದಿ ಕಾಗದ ತೂತಾಗಿದೆ. ಫಿಲ್ಟರ್ ತೆಗೆದು ಡಬ್ಬಿಯ ಸೆನ್ಸರ್ ಕಡೆಯ ಗೋಡೆಯನ್ನು ಬೆರಳಿನಿಂದ ಒರೆಸಿ ನೋಡಿ. ಬೆರಳು ಕೆಂಪಾದರೆ ಧೂಳು ಫಿಲ್ಟರ್ ದಾಟಿ ಬರುತ್ತಿದೆ. ಧೂಳು ಅಂಟಾಗಿದ್ದರೆ ಎಣ್ಣೆ ಹಚ್ಚುವ ಫಿಲ್ಟರಿನಿಂದಲೋ ಎಂಜಿನ್ ಬ್ರೀದರ್ ಪೈಪಿನಿಂದಲೋ ಆಯಿಲ್ ಆವಿ ಬಂದು ಕೂತಿದೆ. ಅದನ್ನು ಸರಿಮಾಡದೆ ಸಾವಿರಗಟ್ಟಲೆ ಕೊಟ್ಟು ತಂದ ಹೊಸ ಸೆನ್ಸರ್ ಕೂಡ ಮುಂದಿನ ಬೇಸಿಗೆಗೆ ಇದೇ ಸ್ಥಿತಿಗೆ ಬರುತ್ತದೆ.

ಹಾಗೆಂದು ಹೊಸದು ಬೇಡವೇ ಬೇಡ ಎನ್ನುವವನಲ್ಲ ನಾನು. ಮೇಲಿನ ಕಾರಿನಲ್ಲಿ ತೊಳೆದ ಮೇಲೆ 41 ಇದ್ದದ್ದು 53 ಆಗಿ, ಟ್ರಿಮ್ 15ರಿಂದ 3ಕ್ಕೆ ಇಳಿದರೆ ಕೆಲಸ ಮುಗಿಯಿತು. ಕೆಲವು ವಾರದಲ್ಲೇ ಮತ್ತೆ ಬಿದ್ದರೆ ಫಿಲ್ಟರ್ ಡಬ್ಬಿಗೆ ಹೋಗಿ. 41 ಇದ್ದದ್ದು 43ಕ್ಕೆ ನಿಂತರೆ, ಪೈಪು, ಫಿಲ್ಟರ್ ಸರಿಯಿದ್ದು, ಸೈಲೆನ್ಸರಿನ ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಟಿಕೊಂಡಿಲ್ಲ ಎಂದು ಖಾತ್ರಿಯಾದರೆ, ಆಗ ಬದಲಿಸಬೇಕು. ಮತ್ತೆ ಮತ್ತೆ ತೊಳೆದು ಪ್ರಯೋಜನವಿಲ್ಲ. ಫಿಲ್ಮಿನ ಮೇಲೆ ಧೂಳು ಸುಟ್ಟು ಹತ್ತಿಕೊಂಡರೆ ಯಾವ ಸ್ಪ್ರೇಗೂ ಬಿಡುವುದಿಲ್ಲ. ತಂತಿ ತುಂಡಾಗಿದ್ದರೆ, ಅಥವಾ P0102, P0103 ಬಂದು ಸಾಕೆಟ್ಟು, ವೈರು ನೋಡಿದ ಮೇಲೂ ಹೋಗದಿದ್ದರೆ ತೊಳೆಯುವ ಪ್ರಶ್ನೆಯೇ ಇಲ್ಲ.

ಬದಲಿಸುವಾಗ ಹಳೆಯದನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿ, ಅದರ ಮೇಲಿನ ಪಾರ್ಟ್ ನಂಬರಿಗೆ ನಂಬರ್ ಹೊಂದಿಸಿ. ಕಣ್ಣಿಗೆ ಒಂದೇ ರೀತಿ ಕಾಣುವ, ಸಾಕೆಟ್ ಕೂಡ ಕೂರುವ ಸೆನ್ಸರುಗಳ ಒಳಗಿನ ಲೆಕ್ಕ ಬೇರೆ ಇರುತ್ತದೆ. ಅಗ್ಗದ ನಕಲಿ ಹಾಕಿದರೆ ತೊಂದರೆ ಹೊಸ ರೂಪದಲ್ಲಿ ವಾಪಸ್ ಬರುತ್ತದೆ. ಇನ್ನು ಹಲವು ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಈ ಸೆನ್ಸರೇ ಇರುವುದಿಲ್ಲ, ಮ್ಯಾನಿಫೋಲ್ಡಿನ ಒತ್ತಡ ನೋಡಿ ಗಾಳಿ ಲೆಕ್ಕ ಹಾಕುತ್ತವೆ. ಸ್ಪ್ರೇ ಕೊಳ್ಳುವ ಮುಂಚೆ ಬಾನೆಟ್ ಎತ್ತಿ, ಫಿಲ್ಟರ್ ಡಬ್ಬಿಯಿಂದ ಹೊರಟ ಪೈಪಿನ ಮೇಲೆ ಸಾಕೆಟ್ ಇರುವ ಸೆನ್ಸರ್ ಇದೆಯೇ ಎಂದು ನೋಡಿಕೊಳ್ಳಿ.