ಬಾರದ ಪತ್ರದ ಬೆಲೆ

ಏಪ್ರಿಲ್ 10ರಂದು ನಾನು ರಾಜೀನಾಮೆ ಮೇಲ್ ಕಳಿಸಿದೆ. ಅರ್ಧ ಗಂಟೆಯೊಳಗೆ ಎಚ್‌ಆರ್ ಮೇಡಂ ಕರೆದ್ರು.

"ಹದಿನೈದು ದಿನ ಅಂತ ಬರ್ದಿದೀರಲ್ಲ, ನಿಮ್ಮ ನೋಟಿಸ್ ಪೀರಿಯಡ್ ತೊಂಬತ್ತು ದಿನ."

"ಮೇಡಂ, ನಾನಿನ್ನೂ ಪ್ರೊಬೇಷನ್‌ನಲ್ಲಿದೀನಿ. ಕನ್ಫರ್ಮೇಷನ್ ಲೆಟರ್ ಬಂದೇ ಇಲ್ವಲ್ಲ."

"ಅಯ್ಯೋ, ಅದು ಫಾರ್ಮಾಲಿಟಿ ಅಷ್ಟೇ. ಆರು ತಿಂಗಳಾಯ್ತಲ್ಲ, ಆಟೋಮ್ಯಾಟಿಕ್ ಆಗಿ ಕನ್ಫರ್ಮ್ ಆಗಿದೀರ. ಪೋರ್ಟಲ್ ನೋಡಿ."

ನೋಡಿದೆ. ನಿಜವೇ. ನನ್ನ ಹೆಸರಿನ ಪಕ್ಕ ಹಸಿರು ಬಣ್ಣದಲ್ಲಿ Confirmed ಅಂತಿತ್ತು. ಜನವರಿ 2ನೇ ತಾರೀಖು ಬೆಳಗ್ಗೆ ಯಾರೂ ಮುಟ್ಟದೆ, ಯಾರೂ ಓದದೆ, ಸಾಫ್ಟ್‌ವೇರು ತಾನೇ ಬದಲಿಸಿಕೊಂಡಿದ್ದ ಪದ ಅದು.

ಇಷ್ಟೇ ಆಗಿದ್ದರೆ ನಾನು ಈ ಲೇಖನ ಬರೀತಿರಲಿಲ್ಲ. ನನ್ನ ತಪ್ಪು ಗ್ರಹಿಕೆ ಅಂದ್ಕೊಂಡು ಸುಮ್ಮನಾಗ್ತಿದ್ದೆ. ಆದರೆ ಅದಕ್ಕೆ ಒಂದು ತಿಂಗಳ ಹಿಂದೆ, ಮಾರ್ಚ್ ಮೊದಲ ವಾರ, ನನ್ನ ಪಕ್ಕದ ಸೀಟಿನ ಹುಡುಗಿಯನ್ನ ಇದೇ ಮೇಡಂ ಇದೇ ರೂಮಿಗೆ ಕರೆದಿದ್ರು. ನಾವಿಬ್ಬರೂ ಒಂದೇ ದಿನ, ಜುಲೈ 2ರಂದು ಸೇರಿದವರು. ಇಬ್ಬರದ್ದೂ ಒಂದೇ ನಮೂನೆಯ ಆಫರ್ ಲೆಟರ್. ಅವಳಿಗೂ ಎಂಟು ತಿಂಗಳು ತುಂಬಿತ್ತು, ಅವಳ ಪೋರ್ಟಲ್‌ನಲ್ಲೂ ಅದೇ ಹಸಿರು ಪದ. ಪ್ರಾಜೆಕ್ಟ್ ಬಿದ್ದುಹೋಗಿದೆ, ಹದಿನೈದು ದಿನದ ಸಂಬಳ ಕೊಡ್ತೀವಿ ಅಂದ್ರಂತೆ. ಅವಳು ತೊಂಬತ್ತು ದಿನದ ಮಾತೆತ್ತಿದಾಗ ಬಂದ ಉತ್ತರ: "ಪೋರ್ಟಲ್‌ದು ಸಿಸ್ಟಂ ಡಿಫಾಲ್ಟಮ್ಮ. ಲೆಟರ್ ಕೊಟ್ಟಿಲ್ವಲ್ಲ, ನೀವಿನ್ನೂ ಪ್ರೊಬೇಷನ್ನೇ."

ಇನ್ನೊಮ್ಮೆ ಓದಿ. ಕಂಪನಿ ಕಳಿಸುವಾಗ ಪತ್ರ ಇಲ್ಲದಿದ್ದರೆ ಪ್ರೊಬೇಷನ್. ನಾವು ಹೊರಡುವಾಗ ಪತ್ರ ಇಲ್ಲದಿದ್ದರೂ ಕನ್ಫರ್ಮ್. ಆ ಪತ್ರ ಬರೆಯದೇ ಇದ್ದದ್ದು ಮರೆವಲ್ಲ ಸ್ವಾಮಿ, ಅನುಕೂಲ. ಒಂದು ಪುಟದ ಕಾಗದ ಕೊಡದೇ ಇರೋದರಿಂದ ಕಂಪನಿಗೆ ಎರಡೂ ಕಡೆ ದಾರಿ ತೆರೆದೇ ಇರುತ್ತೆ, ನಮಗೆ ಎರಡೂ ಕಡೆ ಮುಚ್ಚಿರುತ್ತೆ.

ಇದಕ್ಕೆ ಲೆಕ್ಕ ಹಾಕೋಣ. ನನ್ನ ಸಂಬಳ ತಿಂಗಳಿಗೆ ಅರವತ್ತು ಸಾವಿರ, ಅಂದರೆ ದಿನಕ್ಕೆ ಎರಡು ಸಾವಿರ. ಹೊಸ ಕಂಪನಿ ಕೊಟ್ಟಿದ್ದ ಗಡುವು ಮೂವತ್ತು ದಿನ. ಉಳಿದ ಅರವತ್ತು ದಿನಕ್ಕೆ ನಾನು ಕಟ್ಟಬೇಕಾಗಿದ್ದು ಒಂದು ಲಕ್ಷ ಇಪ್ಪತ್ತು ಸಾವಿರ. ಕಟ್ಟದಿದ್ದರೆ ರಿಲೀವಿಂಗ್ ಲೆಟರ್ ಇಲ್ಲ, ಅದಿಲ್ಲದಿದ್ದರೆ ಹೊಸ ಕಂಪನಿಯ ಬ್ಯಾಗ್ರೌಂಡ್ ಚೆಕ್ ದಾಟಲ್ಲ. ಅವಳ ಲೆಕ್ಕ ಇನ್ನೂ ಕೆಟ್ಟದು. ಪೋರ್ಟಲ್‌ನಲ್ಲಿ ಆ ಪದ ನೋಡಿದ ಧೈರ್ಯದ ಮೇಲೆ ಜನವರಿ ಕೊನೆಗೆ ಪಿಜಿ ಬಿಟ್ಟು ಒಂದು ಮನೆ ಮಾಡಿ, ಅಡ್ವಾನ್ಸ್ ಕೊಟ್ಟು, ಹಾಸನದಿಂದ ಅಮ್ಮನ್ನ ಕರ್ಕೊಂಡು ಬಂದಿದ್ಲು. ಮೂರು ತಿಂಗಳ ಸಂಬಳ ಸಿಗಬೇಕಾದ ಕಡೆ ಅರ್ಧ ತಿಂಗಳದ್ದು ಸಿಕ್ಕಿತು.

ಈ ಆಟಕ್ಕೆ ಜಾಗ ಎಲ್ಲಿದೆ ಅಂತ ನೋಡೋಕೆ ನಿಮ್ಮ ಆಫರ್ ಲೆಟರ್ ತೆಗೀರಿ. ಪ್ರೊಬೇಷನ್ ಅನ್ನೋ ಪ್ಯಾರಾದಲ್ಲಿ ಮೂರು ಬಗೆಯ ವಾಕ್ಯಗಳಲ್ಲಿ ಒಂದು ಇರುತ್ತೆ. ಮೊದಲನೆಯದು: ಆರು ತಿಂಗಳು ಮುಗಿದ ಮೇಲೆ ಬೇರೆ ತಿಳಿಸದಿದ್ದರೆ ನೀವು ಕನ್ಫರ್ಮ್ ಆದಂತೆ. ಎರಡನೆಯದು: ಅವಧಿಯನ್ನ ವಿಸ್ತರಿಸಬಹುದು, ಆದರೆ ಒಟ್ಟು ಇಷ್ಟು ತಿಂಗಳು ಮೀರುವಂತಿಲ್ಲ. ಮೂರನೆಯದು: ಲಿಖಿತವಾಗಿ ಖಾಯಂ ಮಾಡುವವರೆಗೆ ನೀವು ಪ್ರೊಬೇಷನ್‌ನಲ್ಲೇ ಇದ್ದೀರಿ ಎಂದು ಭಾವಿಸಲಾಗುವುದು. ನಮ್ಮಿಬ್ಬರದ್ದು ಮೂರನೆಯದು.

ಈ ವಾಕ್ಯಗಳ ನಡುವಿನ ವ್ಯತ್ಯಾಸ ಸಣ್ಣದಲ್ಲ. 1968ರಲ್ಲಿ ಸುಪ್ರೀಂ ಕೋರ್ಟ್ ಪಂಜಾಬ್ ಸರ್ಕಾರ ಮತ್ತು ಧರಂ ಸಿಂಗ್ ನಡುವಿನ ಪ್ರಕರಣದಲ್ಲಿ ಇದೇ ಪ್ರಶ್ನೆ ಎದುರಿಸಿತ್ತು. ಅಲ್ಲಿನ ಶಿಕ್ಷಣ ಇಲಾಖೆಯ ನಿಯಮದ ಪ್ರಕಾರ ಪ್ರೊಬೇಷನ್ ಒಟ್ಟು ಮೂರು ವರ್ಷ ಮೀರುವಂತಿರಲಿಲ್ಲ. ಅದು ಮೀರಿದ ಮೇಲೂ ಕೆಲಸದಲ್ಲಿ ಮುಂದುವರಿಸಿದ್ದರಿಂದ ಅವರು ಖಾಯಂ ಆದಂತೆಯೇ ಅಂತ ಕೋರ್ಟ್ ಹೇಳಿತು. ಗರಿಷ್ಠ ಮಿತಿ ಬರೆದಿಲ್ಲದ ಕಡೆ, ಖಾಯಂ ಮಾಡುವ ಆದೇಶ ಬೇಕೇ ಬೇಕು ಅಂತ ಇರುವ ಕಡೆ, ಬರೀ ದಿನ ಉರುಳಿದ್ದಕ್ಕೆ ಯಾರೂ ಖಾಯಂ ಆಗಲ್ಲ ಅನ್ನೋದೇ ನ್ಯಾಯಾಲಯಗಳ ಸಾಮಾನ್ಯ ನಿಲುವು. ಅದು ಸರ್ಕಾರಿ ನೌಕರಿಯ ಪ್ರಕರಣ, ನಮ್ಮದು ಖಾಸಗಿ ಕರಾರು ನಿಜ. ಆದರೆ ಅದರ ತರ್ಕ ನಮಗೂ ಪಾಠವೇ: ಕಾಗದದಲ್ಲಿ ಏನಿದೆ ಅನ್ನೋದು ನೋಡ್ತಾರೆ, ಪೋರ್ಟಲ್‌ನ ಬಣ್ಣ ಅಲ್ಲ.

ನಾನು ಆ ಮೂರನೇ ಬಗೆಯ ವಾಕ್ಯವನ್ನ ಆಫರ್ ಲೆಟರ್‌ನಿಂದ ಹಾಗೇ ಎತ್ತಿ ಮೇಲ್‌ನಲ್ಲಿ ಹಾಕಿ, "ನನ್ನನ್ನು ಖಾಯಂ ಮಾಡಿದ ಲಿಖಿತ ಆದೇಶದ ಪ್ರತಿ ದಯವಿಟ್ಟು ಕಳಿಸಿ" ಅಂತ ಕೇಳಿದೆ. ಎರಡು ವಾರ ಉತ್ತರ ಇಲ್ಲ. ಆಮೇಲೆ ಎಂಪ್ಲಾಯೀ ಹ್ಯಾಂಡ್‌ಬುಕ್ಕಿನ ಒಂದು ಪುಟ ಬಂತು, ಆರು ತಿಂಗಳ ನಂತರ ಎಲ್ಲರಿಗೂ ತೊಂಬತ್ತು ದಿನ ಅಂತ. ಅದಕ್ಕೆ ನಾನು ಸಹಿ ಹಾಕಿರಲಿಲ್ಲ. ಕೊನೆಗೆ ನಲವತ್ತು ದಿನ ಕೆಲಸ ಮಾಡಿ, ಕಡಿತ ಇಲ್ಲದೆ ಹೊರಬಿದ್ದೆ. ಹೊಸ ಕಂಪನಿ ಹತ್ತು ದಿನ ಕಾದಿತು. ನನ್ನನ್ನ ಉಳಿಸಿದ ಅದೇ ವಾಕ್ಯ ಅವಳನ್ನ ಮುಳುಗಿಸಿತು. ಅದಕ್ಕೇ ನನಗಿದು ಗೆಲುವು ಅನ್ನಿಸಲ್ಲ.

"ಕೆಲಸದ ಒತ್ತಡದಲ್ಲಿ ಲೆಟರ್ ತಡ ಆಗುತ್ತೆ, ಅದಕ್ಕೆ ದುರುದ್ದೇಶ ಹಚ್ಚಬೇಡಿ" ಅಂತ ಎಚ್‌ಆರ್ ಗೆಳೆಯರು ಹೇಳ್ತಾರೆ. ಇರಲಿ, ಎಲ್ಲಿ ತಡ ಆಗುತ್ತೆ ನೋಡೋಣ. ಅವಧಿ ಮುಗಿಯೋಕೆ ಕೆಲವು ವಾರ ಮುಂಚೆ ಎಚ್‌ಆರ್‌ನಿಂದ ಮ್ಯಾನೇಜರ್‌ಗೆ ಒಂದು ಫಾರ್ಮ್ ಹೋಗುತ್ತೆ: ಖಾಯಂ ಮಾಡೋದಾ, ವಿಸ್ತರಿಸೋದಾ, ಬಿಡೋದಾ? ಅಲ್ಲೇ ಅದು ಕೂತುಬಿಡುತ್ತೆ. "ಹೌದು" ಅಂದರೆ ನಾಳೆ ಪ್ರಾಜೆಕ್ಟ್ ಬಿದ್ದರೆ ಕೈ ಕಟ್ಟಿದ ಹಾಗೆ. "ಇಲ್ಲ" ಅಂದರೆ ಹುಡುಗನ ಮುಖ ನೋಡಿ ಕಾರಣ ಹೇಳಬೇಕು. ವಿಸ್ತರಣೆ ಅಂದರೆ ಯಾಕೆ, ಎಲ್ಲಿವರೆಗೆ ಅಂತ ಬರೀಬೇಕು. ಸುಮ್ಮನಿದ್ದರೆ ಮೂರೂ ಕಷ್ಟ ತಪ್ಪುತ್ತೆ. ಮ್ಯಾನೇಜರ್ ಸೋಮಾರಿ ಇರಬಹುದು, ಆದರೆ ಆ ಸೋಮಾರಿತನಕ್ಕೆ ದಂಡ ಕಟ್ಟೋರು ಮಾತ್ರ ಅವರಲ್ಲ. ಸಂಬಳದ ಸ್ಲಿಪ್ ಪ್ರತಿ ತಿಂಗಳೂ ತಪ್ಪದೆ ಕಳಿಸೋ ಕಂಪನಿಗೆ ಆರು ತಿಂಗಳಿಗೊಮ್ಮೆ ಒಂದು ಪುಟ ಕಳಿಸೋಕಾಗಲ್ಲ ಅಂದರೆ ನಂಬೋಕೆ ಕಷ್ಟ.

ಇನ್ನು ಪತ್ರ ಬಂದವರ ಕಥೆ. ಒಬ್ಬ ಗೆಳೆಯನ ಲೆಟರ್ ಓದಿದೆ. ಮೂರು ಪ್ಯಾರಾ ಅಭಿನಂದನೆ, ನೀವೀಗ ನಮ್ಮ ಕುಟುಂಬದವರು, ಒಟ್ಟಿಗೆ ಎತ್ತರಕ್ಕೆ ಏರೋಣ. ಕೊನೆಯ ಸಾಲು: ಉಳಿದ ನಿಯಮಗಳು ಕಂಪನಿಯ ಪಾಲಿಸಿಯಂತೆ. ಯಾವ ಪಾಲಿಸಿ, ಯಾವ ದಿನದಿಂದ, ನೋಟಿಸ್ ಎಷ್ಟು ಒಂದೂ ಇಲ್ಲ. ಇದು ಪತ್ರ ಅಲ್ಲ, ಗ್ರೀಟಿಂಗ್ ಕಾರ್ಡು.

ಹಾಗಾದ್ರೆ ಪತ್ರ ಅಂದ್ರೆ ಏನು? ಮೇ 20ಕ್ಕೆ ನಾನು ಸೇರಿದ ಹೊಸ ಕಂಪನಿ ನವೆಂಬರ್ 12ರಂದು, ಅಂದರೆ ಅವಧಿ ಮುಗಿಯೋಕೆ ಒಂದು ವಾರ ಮುಂಚೆ, ಕೊಟ್ಟಿದ್ದು ಒಂದೇ ಪುಟ. ಅದರ ಸಾರ ಕನ್ನಡದಲ್ಲಿ ಹೀಗಿದೆ:

"ನಿಮ್ಮ ಪ್ರೊಬೇಷನ್ ನವೆಂಬರ್ 19ಕ್ಕೆ ಮುಗಿಯುತ್ತದೆ. ನವೆಂಬರ್ 20ರಿಂದ ನಿಮ್ಮನ್ನು ಖಾಯಂ ಮಾಡಲಾಗಿದೆ. ಅಂದಿನಿಂದ ನೋಟಿಸ್ ಅವಧಿ 30 ದಿನದ ಬದಲು 60 ದಿನ. ಇದು ಎರಡೂ ಕಡೆಯವರಿಗೂ ಅನ್ವಯ. ಸಂಬಳ ಮತ್ತು ಹುದ್ದೆ ಬದಲಾಗಿಲ್ಲ. ಸೇವಾ ಅವಧಿಯನ್ನು ಸೇರಿದ ದಿನವಾದ ಮೇ 20ರಿಂದಲೇ ಲೆಕ್ಕ ಹಿಡಿಯಲಾಗುವುದು. ಆರೋಗ್ಯ ವಿಮೆಗೆ ತಂದೆ ತಾಯಿಯನ್ನು ಸೇರಿಸಲು ನವೆಂಬರ್ 30 ಕೊನೆಯ ದಿನ. ಡಿಸೆಂಬರ್ 5ರೊಳಗೆ ಮ್ಯಾನೇಜರ್ ಜೊತೆ ಮುಂದಿನ ಗುರಿಗಳನ್ನು ನಿಗದಿ ಮಾಡಿಕೊಳ್ಳಿ. ಮುಂದಿನ ಸಂಬಳ ಪರಿಷ್ಕರಣೆ ಏಪ್ರಿಲ್‌ನಲ್ಲಿ. ಇದರಲ್ಲಿ ಯಾವುದಕ್ಕಾದರೂ ತಕರಾರಿದ್ದರೆ ಸಹಿ ಮಾಡುವ ಮೊದಲು, ನವೆಂಬರ್ 19ರೊಳಗೆ ತಿಳಿಸಿ."

ಇಲ್ಲಿ ಅಭಿನಂದನೆ ಒಂದೂ ಇಲ್ಲ ಗಮನಿಸಿ. ಆದರೂ ಓದಿ ಮುಗಿಸಿದಾಗ ಯಾರೋ ನನ್ನನ್ನ ಮರ್ಯಾದೆಯಿಂದ ನಡೆಸ್ಕೊಂಡ್ರು ಅನ್ನಿಸ್ತು. ಮೊದಲ ಎರಡು ವಾಕ್ಯ ನಿರ್ಧಾರ, ತಾರೀಖಿನ ಸಮೇತ. ಆಮೇಲೆ ಏನು ಬದಲಾಯ್ತು, ಅಷ್ಟೇ ಮುಖ್ಯವಾಗಿ ಏನು ಬದಲಾಗಿಲ್ಲ. ಕೊನೆಗೆ ಯಾರು ಯಾವತ್ತಿನೊಳಗೆ ಏನು ಮಾಡಬೇಕು. "ಎರಡೂ ಕಡೆಯವರಿಗೂ" ಅನ್ನೋ ಪದಗಳ ಮೇಲೆ ಬೆರಳಿಟ್ಟು ನೋಡಿ. ನೌಕರ ತೊಂಬತ್ತು ದಿನ ಕೊಡಬೇಕು, ಕಂಪನಿ ಮೂವತ್ತು ಕೊಟ್ಟರೆ ಸಾಕು ಅಂತ ಬರೆದ ಪತ್ರಗಳೂ ಇವೆ, ನಾವು ಸಂಬಳದ ಸಾಲಷ್ಟೇ ನೋಡಿ ಸಹಿ ಹಾಕ್ತೀವಿ. ಸೇರಿದ ದಿನದ ವಾಕ್ಯವೂ ಸುಮ್ಮನೆ ಬಂದದ್ದಲ್ಲ. ಗ್ರಾಚ್ಯುಟಿಗೆ ಸೇವೆ ಎಣಿಸೋದು ಕೆಲಸಕ್ಕೆ ಸೇರಿದ ದಿನದಿಂದ, ಖಾಯಂ ಆದ ದಿನದಿಂದ ಅಲ್ಲ.

ವಿಸ್ತರಣೆಯಾದರೂ ಇದೇ ಮಾತು. "ಇನ್ನೂ ಸ್ವಲ್ಪ ದಿನ ನೋಡೋಣ" ಅಂತ ಕಾಫಿ ಕುಡೀತಾ ಹೇಳಿದ್ದು ವಿಸ್ತರಣೆ ಅಲ್ಲ. ಯಾವ ಕೆಲಸದಲ್ಲಿ ಕೊರತೆ, ಯಾವ ತಾರೀಖಿನವರೆಗೆ, ಏನು ಮಾಡಿ ತೋರಿಸಿದರೆ ಸಾಕು ಅಂತ ಬರೆದು ಕೊಡಲಿ. ಕೆಟ್ಟ ಸುದ್ದಿಯಾದರೂ ಅದರ ಮೇಲೆ ನಿಂತು ಮನೆ ಮಾಡಬೇಕೋ ಬೇಡವೋ ಅಂತ ಯೋಚಿಸಬಹುದು.

ನಿಮ್ಮ ಆರು ತಿಂಗಳು ಮುಗಿದ ಮಾರನೇ ದಿನ ಪತ್ರ ಬಂದಿಲ್ಲ ಅಂದ್ರೆ ಕಾಯಬೇಡಿ, ಹೆದರಲೂಬೇಡಿ. ಮ್ಯಾನೇಜರ್‌ಗೂ ಎಚ್‌ಆರ್‌ಗೂ ಸೇರಿಸಿ ನಾಲ್ಕು ಸಾಲು ಬರೀರಿ: "ನನ್ನ ಪ್ರೊಬೇಷನ್ ನಿನ್ನೆಗೆ ಮುಗಿದಿದೆ. ಖಾಯಂ ಮಾಡಿದ್ದೀರೋ, ವಿಸ್ತರಿಸಿದ್ದೀರೋ ಲಿಖಿತವಾಗಿ ತಿಳಿಸಿ. ಇಂದಿನಿಂದ ನನಗೆ ಮತ್ತು ಕಂಪನಿಗೆ ಅನ್ವಯಿಸುವ ನೋಟಿಸ್ ಅವಧಿ ಎಷ್ಟು ಎಂಬುದನ್ನೂ ತಿಳಿಸಿ." ಪೋರ್ಟಲ್‌ನ ಸ್ಕ್ರೀನ್‌ಶಾಟನ್ನ ತಾರೀಖು ಕಾಣೋ ಹಾಗೆ ತೆಗೆದು ಸ್ವಂತ ಮೇಲ್‌ಗೆ ಕಳಿಸಿಕೊಳ್ಳಿ. ಕೆಲಸ ಹೋದ ದಿನ ಮೊದಲು ಹೋಗೋದು ಲಾಗಿನ್ನು.

ಆ ಹುಡುಗಿಗೆ ಈಗ ಬೇರೆ ಕೆಲಸ ಸಿಕ್ಕಿದೆ. ಅಮ್ಮ ಹಾಸನದಲ್ಲೇ ಇದ್ದಾರೆ. ಹೋದ ವಾರ ಫೋನ್ ಮಾಡಿದ್ಲು. "ಆರು ತಿಂಗಳಾಯ್ತು ಕಣೋ, ಮೇಲ್ ಹಾಕಿದೀನಿ. ಲೆಟರ್ ಕೈಗೆ ಬರೋವರೆಗೂ ಮನೆ ನೋಡಲ್ಲ" ಅಂದ್ಲು.