ಕೇಳಿದ್ದು ವಿದ್ಯಾರ್ಥಿಗಳನ್ನು, ಉತ್ತರ ಕೊಟ್ಟದ್ದು ತಪಾಸಣೆಯವರಿಗೆ

ಹೈದರಾಬಾದಿನ ಮೆಹದಿಪಟ್ಟಣಂ ಸುತ್ತಮುತ್ತ ಪದವಿ ಕಾಲೇಜುಗಳಿಗೆ ಕೊರತೆಯಿಲ್ಲ. ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಅಲ್ಲಿನ ಹುಡುಗ ಹುಡುಗಿಯರ ಫೋನಿಗೆ ಒಂದು ಗೂಗಲ್ ಫಾರ್ಮ್ ಬರುತ್ತದೆ. ಬೆಂಗಳೂರಿನಲ್ಲೂ ಕಲಬುರಗಿಯಲ್ಲೂ ಬರುವುದು ಅದೇ ಫಾರ್ಮ್. ಪಾಠ ಅರ್ಥವಾಯಿತೇ, ಸಿಲೆಬಸ್ ಮುಗಿಯಿತೇ, ಅಧ್ಯಾಪಕರು ಸಮಯಕ್ಕೆ ಬರುತ್ತಿದ್ದರೇ ಎಂಬ ಪ್ರಶ್ನೆಗಳು. ಸೊನ್ನೆಯಿಂದ ನಾಲ್ಕರವರೆಗೆ ಅಂಕ. ಕೆಲವು ತಿಂಗಳ ನಂತರ ಕಾಲೇಜಿನ ಜಾಲತಾಣದಲ್ಲಿ ಒಂದು ‘ಆಕ್ಷನ್ ಟೇಕನ್ ರಿಪೋರ್ಟ್’ ಕಾಣಿಸಿಕೊಳ್ಳುತ್ತದೆ. ಅದರ ಸಾರವೆಲ್ಲ ಎರಡು ವಾಕ್ಯ: ‘ವಿದ್ಯಾರ್ಥಿಗಳ ಸಲಹೆಗಳನ್ನು ಸಂಬಂಧಪಟ್ಟವರ ಗಮನಕ್ಕೆ ತರಲಾಯಿತು. ಬೋಧನೆಯನ್ನು ಸುಧಾರಿಸಲು ಸೂಚಿಸಲಾಯಿತು.’ ಯಾರ ಗಮನಕ್ಕೆ, ಯಾವ ಸಲಹೆ, ಯಾವಾಗ ಎಂದು ಮಾತ್ರ ಕೇಳಬಾರದು. ಇದನ್ನು ವರದಿ ಎನ್ನುವುದಕ್ಕಿಂತ ರಸೀದಿ ಎನ್ನುವುದು ಸರಿ.

ಈ ರಸೀದಿ ಯಾಕೆ ಹುಟ್ಟಿತು ಎಂಬುದು ಗುಟ್ಟೇನಲ್ಲ. ಕಾಲೇಜುಗಳಿಗೆ ದರ್ಜೆ ಕೊಡುವ ನ್ಯಾಕ್‌ನ ಕೈಪಿಡಿಗಳಲ್ಲಿ ಫೀಡ್‌ಬ್ಯಾಕ್‌ಗೆಂದೇ ಒಂದು ಅಂಶವಿತ್ತು. ಅಭಿಪ್ರಾಯ ಸಂಗ್ರಹಿಸಿದ್ದೀರಾ, ವಿಶ್ಲೇಷಿಸಿದ್ದೀರಾ, ಕ್ರಮ ಕೈಗೊಂಡಿದ್ದೀರಾ, ಜಾಲತಾಣದಲ್ಲಿ ಹಾಕಿದ್ದೀರಾ? ನಾಲ್ಕಕ್ಕೂ ಹೌದು ಎಂದರೆ ಪೂರ್ಣ ಅಂಕ. ಅಲ್ಲಿ ಅಂಕ ಸಿಗುವುದು ಕಡತ ಇದೆ ಎನ್ನುವುದಕ್ಕೆ. ಓದಿದ ವಿದ್ಯಾರ್ಥಿಗೆ ತನ್ನ ಮಾತಿನ ಗತಿ ಏನಾಯಿತೆಂದು ತಿಳಿಯಿತೇ ಎಂದು ಯಾರೂ ಕೇಳುವುದಿಲ್ಲ. ಹೀಗಾಗಿ ವರದಿ ಬರೆಯುವವರ ಕಣ್ಣ ಮುಂದೆ ಇರುವುದು ತಪಾಸಣೆಗೆ ಬರುವ ತಂಡ. ನನ್ನ ತಕರಾರು ಇಷ್ಟೇ: ಪ್ರಶ್ನೆ ಯಾರಿಗೆ ಕೇಳಿದ್ದೀರೋ ಉತ್ತರ ಅವರಿಗೆ ಕೊಡಿ. ಅದಾಗದಿದ್ದರೆ ಕೇಳುವುದನ್ನೇ ಬಿಡಿ.

ತಪಾಸಣೆಗೆಂದು ಬರೆದ ವರದಿಯಲ್ಲಿ ಸರಾಸರಿಯೊಂದೇ ಉಳಿಯುತ್ತದೆ. ಆ ಸರಾಸರಿ ಏನನ್ನು ನುಂಗುತ್ತದೆ ಎಂದು ನೋಡಲು ಒಂದು ಲೆಕ್ಕ ಮಾಡೋಣ. ಅರವತ್ತು ಜನರ ಬಿ.ಕಾಂ. ತರಗತಿ, ವಿಷಯ ಸಂಖ್ಯಾಶಾಸ್ತ್ರ ಎಂದಿಟ್ಟುಕೊಳ್ಳಿ. ‘ವಿವರಣೆ ಸ್ಪಷ್ಟವಾಗಿತ್ತೇ?’ ಎಂಬ ಪ್ರಶ್ನೆಗೆ ನಲವತ್ತು ಜನ ಉತ್ತರಿಸಿದ್ದಾರೆ. ಇಪ್ಪತ್ತು ಜನ 4 ಕೊಟ್ಟಿದ್ದಾರೆ, ನಾಲ್ವರು 3, ಇಬ್ಬರು 2, ನಾಲ್ವರು 1, ಹತ್ತು ಜನ ಸೊನ್ನೆ. ಒಟ್ಟು ನೂರು, ಸರಾಸರಿ 2.5. ಈಗ ಪಕ್ಕದ ಕೋಣೆಯ ತರಗತಿಯಲ್ಲಿ ಇಪ್ಪತ್ತು ಜನ 3, ಇಪ್ಪತ್ತು ಜನ 2 ಕೊಟ್ಟಿದ್ದರೆ? ಅಲ್ಲೂ ಸರಾಸರಿ 2.5. ವರದಿಯಲ್ಲಿ ಇಬ್ಬರಿಗೂ ಒಂದೇ ‘ಸಾಧಾರಣ’, ಒಂದೇ ‘ಸುಧಾರಿಸಲು ಸೂಚಿಸಲಾಯಿತು’.

ಆದರೆ ಈ ಎರಡು ತರಗತಿಗಳ ಕಾಯಿಲೆ ಬೇರೆ ಬೇರೆ. ಎರಡನೆಯದರಲ್ಲಿ ಎಲ್ಲರಿಗೂ ಅಷ್ಟಕ್ಕಷ್ಟೆ. ಮೊದಲನೆಯದು ಸೀಳಿಹೋಗಿದೆ: ಅರ್ಧ ಜನಕ್ಕೆ ಪಾಠ ಚೆನ್ನಾಗಿ ಹತ್ತಿದೆ, ಕಾಲು ಭಾಗಕ್ಕೆ ಏನೂ ಹತ್ತಿಲ್ಲ. ಮೆಹದಿಪಟ್ಟಣಂನಂಥ ಕಡೆ ಇದಕ್ಕೆ ಮೊದಲು ಅನುಮಾನಿಸಬೇಕಾದ ಕಾರಣ ಭಾಷೆ. ಒಂದೇ ಬೆಂಚಿನಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರು, ತೆಲುಗು ಇಲ್ಲವೇ ಉರ್ದು ಮಾಧ್ಯಮದವರು, ಬೀದರ್ ಕಡೆಯಿಂದ ಬಂದ ಕನ್ನಡದವರು ಕೂತಿರಬಹುದು. ಅನುಮಾನ ನಿಜವೇ ಎಂದು ತಿಳಿಯಲು ಫಾರ್ಮಿನಲ್ಲಿ ‘ಹತ್ತನೇ ತರಗತಿ ಯಾವ ಮಾಧ್ಯಮದಲ್ಲಿ ಓದಿದಿರಿ?’ ಎಂಬ ಒಂದು ಪ್ರಶ್ನೆ ಸಾಕು. ಸೊನ್ನೆಗಳೆಲ್ಲ ಒಂದೇ ಕಡೆ ಬಿದ್ದಿದ್ದರೆ ಅಧ್ಯಾಪಕರಿಗೆ ‘ಇನ್ನೂ ಚೆನ್ನಾಗಿ ಕಲಿಸಿ’ ಎಂದು ಹೇಳಿ ಪ್ರಯೋಜನವಿಲ್ಲ. ಪಾರಿಭಾಷಿಕ ಪದಗಳ ಪಟ್ಟಿಯನ್ನು ಮೂರು ಭಾಷೆಗಳಲ್ಲಿ ಕೊಡಬೇಕು, ವಾರಕ್ಕೊಂದು ಗಂಟೆ ಬೇರೆಯಾಗಿ ಕೂರಿಸಬೇಕು. ಒಂದು ಎಚ್ಚರಿಕೆಯೂ ಬೇಕು. ಒಂದು ಗುಂಪಿನಲ್ಲಿ ಮೂರೋ ನಾಲ್ಕೋ ಜನ ಮಾತ್ರ ಇದ್ದರೆ ಅವರ ಅಂಕಗಳನ್ನು ಪ್ರತ್ಯೇಕವಾಗಿ ಪ್ರಕಟಿಸಬಾರದು. ಯಾರು ಬರೆದರೆಂದು ಗೊತ್ತಾಗಿಬಿಡುತ್ತದೆ, ಮುಂದಿನ ಸಲ ಯಾರೂ ನಿಜ ಬರೆಯುವುದಿಲ್ಲ.

ಇನ್ನು ಉತ್ತರಿಸದ ಇಪ್ಪತ್ತು ಜನ. ವರದಿ ಅವರನ್ನು ಮರೆತೇಬಿಡುತ್ತದೆ. ಅವರೆಲ್ಲ 4 ಕೊಟ್ಟಿದ್ದರೆ ತರಗತಿಯ ಸರಾಸರಿ 3 ಆಗುತ್ತಿತ್ತು. ಎಲ್ಲರೂ ಸೊನ್ನೆ ಕೊಟ್ಟಿದ್ದರೆ 1.67. ಅಂದರೆ ನಿಮ್ಮ 2.5 ನಿಜದಲ್ಲಿ ಈ ಎರಡರ ನಡುವೆ ಎಲ್ಲಾದರೂ ಇರಬಹುದು. ಹೀಗಿರುವಾಗ 2.5 ಬಂದವರಿಗೆ ಮೆಮೊ, 2.7 ಬಂದವರಿಗೆ ಶಾಲು ಎಂಬುದು ಅನ್ಯಾಯ. ಫಾರ್ಮ್ ತುಂಬದೆ ಹಾಲ್ ಟಿಕೆಟ್ ಇಲ್ಲ ಎಂದು ಹೆದರಿಸಿದರೂ ಇದು ಸರಿಹೋಗುವುದಿಲ್ಲ. ಹುಡುಗರು ಓದದೆ ಮೇಲಿಂದ ಕೆಳಗಿನವರೆಗೆ ಒಂದೇ ಅಂಕ ಒತ್ತಿ ಮುಗಿಸುತ್ತಾರೆ. ಅದನ್ನು ಪತ್ತೆ ಹಚ್ಚುವುದು ಸುಲಭ: ‘ಈ ವಿಷಯದಲ್ಲಿ ಅನಗತ್ಯ ಗೊಂದಲವಿತ್ತು’ ಎಂಬಂಥ ತಿರುವುಮುರುವು ಪ್ರಶ್ನೆಯೊಂದನ್ನು ನಡುವೆ ಇಡಿ. ಸ್ಪಷ್ಟತೆಗೂ 4, ಗೊಂದಲಕ್ಕೂ 4 ಕೊಟ್ಟವರು ಓದಿಲ್ಲ.

ಕೆಲವು ಅಧ್ಯಾಪಕ ಮಿತ್ರರು ಹೇಳುವುದುಂಟು: ‘ಮಕ್ಕಳಿಗೆ ಏನು ಗೊತ್ತು? ಮಾರ್ಕ್ಸ್ ಕಡಿಮೆ ಕೊಟ್ಟವರ ಮೇಲೆ ಸೇಡು ತೀರಿಸಿಕೊಳ್ಳುತ್ತಾರೆ.’ ಇದರಲ್ಲಿ ಅರ್ಧ ಸತ್ಯವಿದೆ. ಕೆನಡಾದ ಟೊರಾಂಟೊದಲ್ಲಿ ಆಗ ರೈಯರ್ಸನ್ ಎಂಬ ಹೆಸರಿದ್ದ ವಿಶ್ವವಿದ್ಯಾಲಯದ ಅಧ್ಯಾಪಕರು ಈ ತಕರಾರನ್ನೇ ಮಧ್ಯಸ್ಥಿಕೆಗೆ ಒಯ್ದರು. ಬಡ್ತಿ ಮತ್ತು ಕಾಯಂ ಹುದ್ದೆಗೆ ಬೋಧನೆಯ ಗುಣಮಟ್ಟವನ್ನು ಈ ಸರ್ವೆಗಳ ಸರಾಸರಿಯಿಂದ ಅಳೆಯಬಾರದು ಎಂದು 2018ರಲ್ಲಿ ಅಲ್ಲಿ ತೀರ್ಪಾಯಿತು. ಆದರೆ ವಿದ್ಯಾರ್ಥಿಗಳ ಮಾತು ಬೇಡ ಎಂದು ಆ ತೀರ್ಪು ಹೇಳಲಿಲ್ಲ. ತಾವು ಏನನ್ನು ಅನುಭವಿಸಿದರು ಎಂಬುದಕ್ಕೆ ವಿದ್ಯಾರ್ಥಿಗಳೇ ಸಾಕ್ಷಿ. ಸಿಲೆಬಸ್ ಸರಿಯಿದೆಯೇ ಎಂದು ಅವರು ಹೇಳಲಾರರು. ಬೋರ್ಡಿನ ಅಕ್ಷರ ಹಿಂದಿನ ಬೆಂಚಿಗೆ ಕಾಣುತ್ತಿತ್ತೇ, ಟೆಸ್ಟ್ ಪೇಪರು ತಿದ್ದಿ ಎಷ್ಟು ದಿನಕ್ಕೆ ವಾಪಸು ಬಂತು ಎಂಬುದನ್ನು ಅವರಷ್ಟು ಚೆನ್ನಾಗಿ ಬಲ್ಲವರಿಲ್ಲ. ಅದನ್ನೇ ಕೇಳಿ.

ಹಾಗಾದರೆ ವರದಿ ಹೇಗಿರಬೇಕು? ಒಂದು ಪುಟ ಸಾಕು, ವಿದ್ಯಾರ್ಥಿಗಳನ್ನೇ ಉದ್ದೇಶಿಸಿ: ‘ಅರವತ್ತು ಜನರಲ್ಲಿ ನಲವತ್ತು ಜನ ಉತ್ತರಿಸಿದ್ದೀರಿ. ಇಪ್ಪತ್ತು ಜನಕ್ಕೆ ವಿವರಣೆ ಬಹಳ ಸ್ಪಷ್ಟ, ಹದಿನಾಲ್ಕು ಜನಕ್ಕೆ ಬಹುತೇಕ ಅರ್ಥವಾಗಿಲ್ಲ. ಮುಂದಿನ ಸೋಮವಾರದಿಂದ ಪ್ರತಿ ಅಧ್ಯಾಯಕ್ಕೂ ಪದಪಟ್ಟಿ ಕೊಡುತ್ತೇವೆ; ಜವಾಬ್ದಾರಿ ವಿಭಾಗದ ಮುಖ್ಯಸ್ಥರದು. ಟೆಸ್ಟ್ ಪೇಪರುಗಳನ್ನು ಹತ್ತು ದಿನದೊಳಗೆ ಹಿಂದಿರುಗಿಸುತ್ತೇವೆ. ಐದನೇ ಘಟಕ ಕೈಬಿಡಿ ಎಂದು ಕೇಳಿದ್ದೀರಿ. ಅದು ವಿಶ್ವವಿದ್ಯಾಲಯದ ಸಿಲೆಬಸ್, ನಮ್ಮ ಕೈಯಲ್ಲಿಲ್ಲ. ನಿಮ್ಮ ಕೋರಿಕೆಯನ್ನು ಅಧ್ಯಯನ ಮಂಡಳಿಗೆ ಬರೆಯುತ್ತೇವೆ.’ ಇದರಲ್ಲಿ ಮಾಡುವುದೂ ಇದೆ, ಮಾಡಲಾಗದ್ದೂ ಇದೆ, ಅದಕ್ಕೆ ಕಾರಣವೂ ಇದೆ. ಇಲ್ಲ ಎಂದು ಕಾರಣ ಕೊಟ್ಟು ಹೇಳುವುದೂ ಉತ್ತರವೇ. ಗಮನಕ್ಕೆ ತರಲಾಯಿತು ಎಂಬುದು ಮಾತ್ರ ಉತ್ತರವಲ್ಲ.

ಈ ಪುಟಕ್ಕೆ ಬೆಲೆ ಬರಬೇಕಾದರೆ ಸರ್ವೆ ಸೆಮಿಸ್ಟರಿನ ಕೊನೆಗೆ ಬರಬಾರದು. ಕೊನೆಯಲ್ಲಿ ಕೇಳಿದರೆ ಲಾಭ ಮುಂದಿನ ಬ್ಯಾಚಿಗೆ. ದೂರು ಕೊಟ್ಟವನು ಅದೇ ಕತ್ತಲಲ್ಲಿ ಪರೀಕ್ಷೆ ಬರೆಯುತ್ತಾನೆ. ಹದಿನೈದು ವಾರಗಳಲ್ಲಿ ಐದನೇ ವಾರ ಕೇಳಿ, ಆರನೇ ವಾರ ಆ ಪುಟವನ್ನು ತರಗತಿಯಲ್ಲೇ ಓದಿ ಹೇಳಿ, ಹತ್ತನೇ ವಾರ ಅದೇ ಎರಡು ಪ್ರಶ್ನೆ ಮತ್ತೆ ಕೇಳಿ. ಆ ಹದಿನಾಲ್ಕು ಎಂಟಕ್ಕೋ ಆರಕ್ಕೋ ಇಳಿಯಿತೇ ನೋಡಿ. ಇಳಿದಿದ್ದರೆ ಕ್ರಮ ಕೈಗೊಂಡಿದ್ದೀರಿ. ಇಳಿಯದಿದ್ದರೆ ಪದಪಟ್ಟಿ ಸಾಲಲಿಲ್ಲ ಎಂದು ಅದೇ ವರದಿಯಲ್ಲಿ ಬರೆಯಿರಿ, ಮುಂದೇನು ಮಾಡುವಿರೆಂದೂ ಬರೆಯಿರಿ. ತಪಾಸಣೆಯವರು ಬಂದಾಗ ತೋರಿಸಲು ಆ ಪುಟವೇ ಸಾಕು.